μ ಎಂಬುದು m ಆದಾಗ: ಸಂಶೋಧನಾ ಲೇಖನದ ಪಿಡಿಎಫ್‌ನಿಂದ ಒಂದು ಚಿತ್ರವನ್ನು ಸ್ಪಷ್ಟವಾಗಿ ತೆಗೆದ ಪ್ರಕರಣ

ಮಂಗಳೂರಿನ ಹಂಪನಕಟ್ಟೆಯ ಬಳಿ ನಮ್ಮದೊಂದು ಸಣ್ಣ ಡಿಟಿಪಿ ಮತ್ತು ಬೈಂಡಿಂಗ್ ಅಂಗಡಿ. ಕೊಣಾಜೆ, ಉಡುಪಿ, ಮಣಿಪಾಲದ ಕಡೆಯಿಂದ ಪಿಎಚ್‌ಡಿ ಮಹಾಪ್ರಬಂಧಗಳು ಪುಟ ವಿನ್ಯಾಸಕ್ಕೂ ಮುದ್ರಣಕ್ಕೂ ಬರುತ್ತವೆ. ಇಲ್ಲಿ ಹೇಳುತ್ತಿರುವುದು ಅಂತಹ ಒಂದು ಪ್ರಬಂಧದ ಒಂದೇ ಒಂದು ಚಿತ್ರದ ಕಥೆ. ಸಂಶೋಧಕಿಯ ಹೆಸರು, ವಿಭಾಗ, ಆ ಚಿತ್ರವಿದ್ದ ಲೇಖನದ ಶೀರ್ಷಿಕೆ ಯಾವುದನ್ನೂ ಹೇಳುವುದಿಲ್ಲ. ಅಳತೆಗಳನ್ನೂ ಆಜ್ಞೆಗಳನ್ನೂ ಮಾತ್ರ ಪೂರ್ತಿ ಕೊಡುತ್ತೇನೆ, ಏಕೆಂದರೆ ಬೇರೆಯವರಿಗೆ ಉಪಯೋಗಕ್ಕೆ ಬರುವುದು ಅವೇ.

ಹಿನ್ನೆಲೆ

ಜೂನ್ ತಿಂಗಳ ಒಂದು ಗುರುವಾರ ಸಂಜೆ. ಮಳೆ ಜೋರಾಗಿತ್ತು. ಸಂಶೋಧಕಿ ಪ್ಲಾಸ್ಟಿಕ್ ಚೀಲದೊಳಗೆ ಕರಡು ಪ್ರತಿಯನ್ನು ಸುತ್ತಿಕೊಂಡು ಬಂದರು. ಅವರ ವಿಷಯ ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಯ ಡಯಾಟಮ್‌ಗಳು, ಅಂದರೆ ಗಾಜಿನಂಥ ಚಿಪ್ಪಿರುವ ಏಕಕೋಶ ಪಾಚಿಗಳು. ಎರಡನೆಯ ಅಧ್ಯಾಯದಲ್ಲಿ, ಹಿಂದಿನವರ ಕೆಲಸವನ್ನು ವಿವರಿಸುವ ಕಡೆ, ಬೇರೊಂದು ತಂಡದ ಲೇಖನದಿಂದ ಒಂದು ಚಿತ್ರವನ್ನು ತೆಗೆದುಕೊಂಡಿದ್ದರು. ಆ ಪುಟದ ಮೇಲೆ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಒಂದು ದೊಡ್ಡ ಸುತ್ತು ಹಾಕಿ, ಅಕ್ಷರ ಓದಲಾಗುತ್ತಿಲ್ಲ ಎಂದು ಬರೆದಿದ್ದರು.

"ಅಣ್ಣ, ನನ್ನ ಪರದೆಯ ಮೇಲೆ ಚೆನ್ನಾಗಿಯೇ ಕಾಣಿಸುತ್ತದೆ. ನಿಮ್ಮ ಪ್ರಿಂಟರಿನದ್ದೇ ಸಮಸ್ಯೆ ಇರಬಹುದಾ?" ಎಂದು ಕೇಳಿದರು. ಸೋಮವಾರ ಪ್ರಬಂಧವನ್ನು ಸಲ್ಲಿಸಬೇಕಿತ್ತು.

ಲೇಖನವನ್ನು ಎಲ್ಲರೂ ಮರುಬಳಸಬಹುದಾದ ಸಿಸಿ ಬಿವೈ 4.0 ಪರವಾನಗಿಯಡಿ ಪ್ರಕಟಿಸಲಾಗಿತ್ತು. ಹಾಗಾಗಿ ಮೂಲವನ್ನೂ ಪರವಾನಗಿಯನ್ನೂ ಅಡಿಬರಹದಲ್ಲಿ ಹೇಳಿದರೆ ಚಿತ್ರವನ್ನು ಬಳಸಲು ತೊಡಕಿರಲಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಂಡೆ. ಪರವಾನಗಿ ಬೇರೆಯಾಗಿದ್ದರೆ ಮೊದಲು ಪ್ರಕಾಶಕರ ಅನುಮತಿ ಪಡೆಯಬೇಕಿತ್ತು. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅನುಮತಿಯಿಲ್ಲದೆ ಪ್ರಯೋಜನವಿಲ್ಲ.

ಚಿತ್ರ ಏಕೆ ಮಸುಕಾಗಿತ್ತು

ಲೇಖನ 14 ಪುಟದ್ದು, ಚಿತ್ರ 7ನೆಯ ಪುಟದಲ್ಲಿತ್ತು. ಅಗಲ 170 ಮಿಲಿಮೀಟರ್, ಎತ್ತರ 120 ಮಿಲಿಮೀಟರ್. ಅದರೊಳಗೆ ನಾಲ್ಕು ಭಾಗಗಳು. ಎಡಗಡೆ ಒಂದರ ಕೆಳಗೊಂದರಂತೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಎರಡು ಫೋಟೊಗಳು, ಪ್ರತಿಯೊಂದರ ಮೂಲೆಯಲ್ಲಿ ಅಳತೆಯ ಗೆರೆ. ಬಲಗಡೆ ಎರಡು ರೇಖಾಚಿತ್ರಗಳು: ಒಂದು ತಿಂಗಳಿಂದ ತಿಂಗಳಿಗೆ ಬದಲಾಗುವ ಉಪ್ಪಿನಂಶದ್ದು, ಇನ್ನೊಂದು ಕ್ಲೋರೊಫಿಲ್ ಪ್ರಮಾಣದ್ದು.

ಸಂಶೋಧಕಿಯ ಲ್ಯಾಪ್‌ಟಾಪಿನ ಪರದೆ 1366 × 768 ಪಿಕ್ಸೆಲ್‌ಗಳದ್ದು. ಚಿತ್ರ ಪೂರ್ತಿ ಕಾಣುವಂತೆ ಪುಟವನ್ನು ಹೊಂದಿಸಿ ಸ್ಕ್ರೀನ್‌ಶಾಟ್ ತೆಗೆದಿದ್ದರು. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಕಳೆದರೆ ಚಿತ್ರದ ಎತ್ತರಕ್ಕೆ ಉಳಿದದ್ದು ಸುಮಾರು 620 ಪಿಕ್ಸೆಲ್. ಕತ್ತರಿಸಿದ ಮೇಲೆ ಕಡತದ ಅಳತೆ 884 × 620. ಮೂಲ ಚಿತ್ರದ ಲೆಕ್ಕದಲ್ಲಿ ಇದು ಒಂದು ಇಂಚಿಗೆ ಸುಮಾರು 132 ಪಿಕ್ಸೆಲ್.

ಈ ಸಂಖ್ಯೆ ಅಕ್ಷರದ ಮೇಲೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರೇಖಾಚಿತ್ರದ ಅಂಚಿನ ಬರಹ 7 ಪಾಯಿಂಟ್ ಗಾತ್ರದ್ದು. ಒಂದು ಇಂಚಿಗೆ 72 ಪಾಯಿಂಟ್. ಹಾಗಾಗಿ ಈ ಸ್ಕ್ರೀನ್‌ಶಾಟಿನಲ್ಲಿ ಒಂದು ಸಾಲಿನ ಅಕ್ಷರಗಳಿಗೆ ಸಿಕ್ಕ ಜಾಗ ಹದಿಮೂರು ಪಿಕ್ಸೆಲ್. ಮೇಲೆ ಕೆಳಗೆ ಚಾಚದ e, m, u ಇಂತಹ ಅಕ್ಷರಗಳ ಎತ್ತರಕ್ಕೆ ಆರೇಳು ಪಿಕ್ಸೆಲ್ ಮಾತ್ರ. ಆರೇಳು ಚೌಕಗಳಲ್ಲಿ e ಅಕ್ಷರದ ಅಡ್ಡಗೆರೆ, ಅದರ ಮೇಲಿನ ಕಿಂಡಿ, ಕೆಳಗಿನ ತೆರೆದ ಬಾಯಿ ಇಷ್ಟೂ ಮೂಡಬೇಕು. ಪರದೆಯ ಮೇಲೆ ಬೂದು ಬಣ್ಣದ ಅಂಚುಗಳು ಕಣ್ಣಿಗೆ ಸಹಾಯ ಮಾಡುತ್ತವೆ. ಕಾಗದದ ಮೇಲೆ ಲೇಸರ್ ಪ್ರಿಂಟರ್ ಆ ಬೂದು ಬಣ್ಣವನ್ನು ಕಪ್ಪು ಚುಕ್ಕೆಗಳಾಗಿ ಒಡೆಯುತ್ತದೆ, ಅಕ್ಷರ ಕದಡಿಹೋಗುತ್ತದೆ. ಪರದೆಯ ಮೇಲೆ ಚೆನ್ನಾಗಿತ್ತು ಎಂದು ಸಂಶೋಧಕಿ ಹೇಳಿದ್ದು ನಿಜವೇ ಆಗಿತ್ತು. ಪ್ರಿಂಟರಿನದ್ದೂ ತಪ್ಪಿರಲಿಲ್ಲ.

ಮೊದಲ ಎರಡು ಪ್ರಯತ್ನಗಳು

ಅಂಗಡಿಯ ಹುಡುಗ ಆ ಸ್ಕ್ರೀನ್‌ಶಾಟನ್ನೇ ಫೋಟೊ ತಿದ್ದುವ ಜಿಂಪ್ ತಂತ್ರಾಂಶದಲ್ಲಿ ತೆರೆದು ಅದರ ಡಿಪಿಐಯನ್ನು 300 ಎಂದು ಬದಲಿಸಿದ. ಸುತ್ತೋಲೆಗಳಲ್ಲಿ ಚಿತ್ರಗಳು 300 ಡಿಪಿಐ ಇರಬೇಕು ಎಂದು ಬರೆದಿರುವುದನ್ನು ನೋಡಿ ಬಹಳ ಜನ ಹೀಗೆಯೇ ಮಾಡುತ್ತಾರೆ. ಆದರೆ ಆ ಸಂಖ್ಯೆ ಕಡತಕ್ಕೆ ಅಂಟಿಸಿದ ಚೀಟಿಯಷ್ಟೇ: ಇಷ್ಟು ಪಿಕ್ಸೆಲ್‌ಗಳನ್ನು ಒಂದು ಇಂಚಿನಲ್ಲಿ ಜೋಡಿಸು ಎಂದು ಅದು ಹೇಳುತ್ತದೆ. 884 ಪಿಕ್ಸೆಲ್ 884 ಆಗಿಯೇ ಉಳಿಯಿತು. ಪುಟದಲ್ಲಿ 150 ಮಿಲಿಮೀಟರ್ ಅಗಲಕ್ಕೆ ಎಳೆದಾಗ ಮತ್ತೆ ಇಂಚಿಗೆ 150ಕ್ಕೇ ಬಂದು ನಿಂತಿತು. ನಂತರ ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದ. ಚೌಕಗಳು ಮಾಯವಾದವು, ಅವುಗಳ ಜಾಗದಲ್ಲಿ ಮಂಜು ಕವಿಯಿತು. ಸ್ಕ್ರೀನ್‌ಶಾಟಿನಲ್ಲಿ ಸಿಕ್ಕದೆ ಹೋದ ವಿವರವನ್ನು ಹಿಗ್ಗಿಸಿ ತರಲು ಆಗುವುದಿಲ್ಲ.

ಪ್ರಕಾಶಕರ ಜಾಲತಾಣದಲ್ಲಿ ದೊಡ್ಡ ಚಿತ್ರ ಸಿಗುತ್ತದೆಯೇ ಎಂದೂ ನೋಡಿದೆವು. ಇದನ್ನು ಯಾವಾಗಲೂ ನೋಡಬೇಕು. ಕೆಲವು ನಿಯತಕಾಲಿಕೆಗಳು ಒಳ್ಳೆಯ ಗುಣಮಟ್ಟದ ಪ್ರತಿಯನ್ನು ಪ್ರತ್ಯೇಕವಾಗಿ ಕೊಡುತ್ತವೆ. ಇಲ್ಲಿ ಸಿಕ್ಕಿದ್ದು ಗಾಢವಾಗಿ ಕುಗ್ಗಿಸಿದ ಜೆಪೆಗ್. ಪ್ರತಿ ಅಕ್ಷರದ ಸುತ್ತಲೂ ಕೊಳೆ ಹಿಡಿದಂತೆ ಬೂದು ಕಲೆಗಳಿದ್ದವು. ಅದನ್ನು ಬಿಟ್ಟೆವು.

ಪಿಡಿಎಫ್‌ನೊಳಗೆ ಏನಿದೆ ಎಂದು ಕೇಳಿದ್ದು

ಕೆಲಸ ಸರಿದಾರಿಗೆ ಬಂದದ್ದು ಪರದೆಯನ್ನು ಬಿಟ್ಟು ಕಡತವನ್ನು ನೋಡಲು ತೊಡಗಿದ ಮೇಲೆ. ಪಿಡಿಎಫ್ ಪುಟದಲ್ಲಿ ಚಿತ್ರ ಎರಡು ಬಗೆಯಲ್ಲಿ ಇರಬಹುದು. ಒಂದು, ಪಿಕ್ಸೆಲ್‌ಗಳ ಚಿತ್ರ, ಅಂದರೆ ಫೋಟೊ. ಇನ್ನೊಂದು, ವೆಕ್ಟರ್: ಈ ಬಿಂದುವಿನಿಂದ ಆ ಬಿಂದುವಿಗೆ ಇಷ್ಟು ದಪ್ಪದ ಗೆರೆ ಎಳೆ, ಇಲ್ಲಿ ಈ ಫಾಂಟಿನ ಈ ಅಕ್ಷರವನ್ನು ಇಡು ಎಂಬ ಸೂಚನೆಗಳ ಸಾಲು. ಸೂಚನೆಗಳಿಗೆ ಪಿಕ್ಸೆಲ್ ಮಿತಿ ಇಲ್ಲ, ಎಷ್ಟು ದೊಡ್ಡದಾಗಿ ಬೇಕೋ ಅಷ್ಟಕ್ಕೆ ಬಿಡಿಸಿಕೊಳ್ಳಬಹುದು.

ಇದನ್ನು ತಿಳಿಯಲು ಯಾವ ಸಲಕರಣೆಯೂ ಬೇಡ. ಪುಟವನ್ನು 1600 ಶೇಕಡಾಕ್ಕೆ ಹಿಗ್ಗಿಸಿ ನೋಡಿದರೆ ಸಾಕು. ನಮ್ಮ ಚಿತ್ರದಲ್ಲಿ ಬಲಗಡೆಯ ರೇಖಾಚಿತ್ರಗಳ ಗೆರೆಗಳು ಬ್ಲೇಡಿನಲ್ಲಿ ಕೊಯ್ದ ಹಾಗೆ ನಿಂತವು, ಎಡಗಡೆಯ ಡಯಾಟಮ್‌ಗಳು ಚೌಕ ಚೌಕವಾಗಿ ಒಡೆದವು. ಅಂದರೆ ಇದು ಮಿಶ್ರ ಚಿತ್ರ. ಇದನ್ನು ಸಂಶೋಧಕಿಗೆ ತೋರಿಸಿದಾಗ ಅವರ ಮುಖ ಅರಳಿದ್ದು ನನಗೆ ನೆನಪಿದೆ. ತಾನು ಕಳೆದುಕೊಂಡಿದ್ದೇನೆ ಎಂದುಕೊಂಡಿದ್ದ ಅಕ್ಷರಗಳು ಆ ಕಡತದೊಳಗೆ ಪೂರ್ತಿಯಾಗಿಯೇ ಇದ್ದವು.

ಫೋಟೊಗಳ ಮಟ್ಟ ಎಷ್ಟು ಎಂದು ತಿಳಿಯಲು ಅಂಗಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಪಾಪ್ಲರ್ ಎಂಬ, ಆಜ್ಞೆ ಕೊಟ್ಟು ಪಿಡಿಎಫ್‌ಗಳನ್ನು ಪರೀಕ್ಷಿಸುವ ಸಲಕರಣೆಗಳನ್ನು ಬಳಸಿದೆ. ಉಬುಂಟುವಿನಲ್ಲಿ ಇವು `poppler-utils` ಎಂಬ ಹೆಸರಿನಲ್ಲಿ ಸಿಗುತ್ತವೆ.

```
pdfimages -list -f 7 -l 7 lekhana.pdf
```

ಉತ್ತರದಲ್ಲಿ ಎರಡು ಸಾಲುಗಳು ಬಂದವು. ಎರಡೂ `886` ಅಗಲ, `650` ಎತ್ತರ, `x-ppi` ಎಂಬ ಕಾಲಂನಲ್ಲಿ `300`. ಅಂದರೆ 75 ಮಿಲಿಮೀಟರ್ ಅಗಲದ ಪ್ರತಿ ಫೋಟೊದಲ್ಲೂ ಇಂಚಿಗೆ 300 ಪಿಕ್ಸೆಲ್ ಇದೆ. ಫೋಟೊವನ್ನು ಮುದ್ರಿಸಲು ಇದು ಸಾಕು. ನಮ್ಮ ಸ್ಕ್ರೀನ್‌ಶಾಟ್ ಇದರ ಅರ್ಧವನ್ನೂ ಉಳಿಸಿಕೊಂಡಿರಲಿಲ್ಲ.

ಆ ಉತ್ಸಾಹದಲ್ಲಿ ಫೋಟೊಗಳನ್ನು ನೇರವಾಗಿ ಹೊರತೆಗೆದೆ.

```
pdfimages -all -f 7 -l 7 lekhana.pdf photo
```

ಬಂದ ಕಡತಗಳು ನಿಜಕ್ಕೂ ಸೊಗಸಾಗಿದ್ದವು. ಲೇಖಕರು ಹಾಕಿದ್ದ ಪಿಕ್ಸೆಲ್‌ಗಳು ಒಂದೂ ಬದಲಾಗದೆ ಬಂದಿದ್ದವು. ಆದರೆ ಎ, ಬಿ ಎಂಬ ಗುರುತುಗಳಿಲ್ಲ. ಅಳತೆಯ ಗೆರೆಯೂ ಇಲ್ಲ, ಅದರ ಮೇಲಿದ್ದ ಸಂಖ್ಯೆಯೂ ಇಲ್ಲ. ಲೇಖಕರು ಅವುಗಳನ್ನು ಫೋಟೊದ ಮೇಲೆ ವೆಕ್ಟರ್ ಆಗಿ ಇಟ್ಟಿದ್ದರು, `pdfimages` ಕೇವಲ ಫೋಟೊವನ್ನು ಎತ್ತಿ ಕೊಡುತ್ತದೆ. ಸೂಕ್ಷ್ಮದರ್ಶಕದ ಚಿತ್ರಕ್ಕೆ ಅಳತೆಯ ಗೆರೆ ಇಲ್ಲದಿದ್ದರೆ ಅದು ವಿಜ್ಞಾನದ ಚಿತ್ರವೇ ಅಲ್ಲ. ಗೆರೆಯನ್ನು ನಾವೇ ಬಿಡಿಸಿ ಸೇರಿಸೋಣ ಎಂದು ಹುಡುಗ ಹೇಳಿದ. ಸಂಶೋಧಕಿ ಒಪ್ಪಲಿಲ್ಲ. "ಗೆರೆ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಜೀವಿಯ ಗಾತ್ರವೇ ಬದಲಾಗುತ್ತದೆ. ಇನ್ನೊಬ್ಬರ ಅಳತೆಯನ್ನು ನಾನು ಮತ್ತೆ ಬರೆಯಬಾರದು" ಎಂದರು. ಅವರ ನಿರ್ಧಾರ ಸರಿಯಾಗಿತ್ತು.

μ ಎಂಬುದು m ಆದ ಸಂಜೆ

ಶುಕ್ರವಾರ ನಾನು ಇಂಕ್‌ಸ್ಕೇಪ್‌ನಲ್ಲಿ ಆ ಪುಟವನ್ನು ತೆರೆದೆ. ವೆಕ್ಟರ್ ಚಿತ್ರಗಳನ್ನು ತಿದ್ದಲು ನಾವು ಬಳಸುವ ತಂತ್ರಾಂಶ ಅದು. ಪಿಡಿಎಫ್ ತೆರೆಯುವಾಗ ಬರಹವನ್ನು ಬರಹವಾಗಿಯೇ ಉಳಿಸಿಕೊಳ್ಳುವ ಆಯ್ಕೆಯನ್ನು ಹಾಗೆಯೇ ಇಟ್ಟುಕೊಂಡಿದ್ದೆ. ಸುತ್ತಲಿನ ಬರಹವನ್ನು ಅಳಿಸಿ, ಚಿತ್ರವನ್ನಷ್ಟೇ ಉಳಿಸಿ, ಒಂದು ಪುಟ ಮುದ್ರಿಸಿದೆ. ಗೆರೆಗಳು, ಅಂಕಿಗಳು, ತಿಂಗಳ ಹೆಸರುಗಳು ಎಲ್ಲವೂ ಕಣ್ಣಿಗೆ ಹಬ್ಬದಂತಿದ್ದವು. ಕೆಲಸ ಮುಗಿಯಿತು ಎಂದುಕೊಂಡೆ.

ಸಂಶೋಧಕಿ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಫೋಟೊದ ಮೂಲೆಯ ಮೇಲೆ ಬೆರಳಿಟ್ಟರು. "ಮಾರಾಯರೇ, ಇಲ್ಲಿ ನೋಡಿ. ಈ ಲೆಕ್ಕದಲ್ಲಿ ಈ ಡಯಾಟಮ್ ಮೂರು ಸೆಂಟಿಮೀಟರ್ ಉದ್ದ ಇದೆ."

ಅಳತೆಯ ಗೆರೆಯ ಮೇಲೆ `10 μm` ಇರಬೇಕಾದ ಕಡೆ `10 mm` ಇತ್ತು. ಮೈಕ್ರೊಮೀಟರ್ ಮಿಲಿಮೀಟರ್ ಆಗಿತ್ತು. ಡಯಾಟಮ್‌ಗಳು ಸಾಮಾನ್ಯವಾಗಿ 2ರಿಂದ 200 ಮೈಕ್ರೊಮೀಟರ್ ಇರುವಂಥವು, ಹಾಗಾಗಿ ಬಲ್ಲವರ ಕಣ್ಣಿಗೆ ಈ ತಪ್ಪು ತಕ್ಷಣ ಹೊಳೆಯಿತು. ನನಗೆ ಹೊಳೆದಿರಲಿಲ್ಲ.

ನಿಜವಾಗಿ ಹೆದರಿಸಿದ್ದು ಇದಾದ ಮೇಲೆ ಕಂಡದ್ದು. ಒಂದು ಕಡೆ ಹೀಗಾದರೆ ಇನ್ನೆಲ್ಲಿ ಆಗಿದೆ ಎಂದು ಇಬ್ಬರೂ ಮೂಲ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರವನ್ನೂ ಹೋಲಿಸಿದೆವು. ಕ್ಲೋರೊಫಿಲ್ ರೇಖಾಚಿತ್ರದ ಅಂಚಿನಲ್ಲಿ `μg/L` ಇದ್ದದ್ದು `mg/L` ಆಗಿತ್ತು. ಲೀಟರಿಗೆ ಮೈಕ್ರೊಗ್ರಾಂ ಇದ್ದದ್ದು ಲೀಟರಿಗೆ ಮಿಲಿಗ್ರಾಂ. ಸಾವಿರ ಪಟ್ಟು ವ್ಯತ್ಯಾಸ, ಆದರೆ `mg/L` ಎಂಬುದು ನೀರಿನ ಪರೀಕ್ಷೆಯಲ್ಲಿ ದಿನವೂ ಕಾಣುವ ಮಾನ. ಅದನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಫೋಟೊದ ಮೇಲಿನ ತಪ್ಪು ಕಣ್ಣಿಗೆ ಬೀಳದೆ ಇದ್ದಿದ್ದರೆ ಇದು ಪ್ರಬಂಧದೊಳಗೆ ಸದ್ದಿಲ್ಲದೆ ಕುಳಿತಿರುತ್ತಿತ್ತು. ಮಸುಕಾದ ಸ್ಕ್ರೀನ್‌ಶಾಟ್ ಓದಲಾಗುತ್ತಿರಲಿಲ್ಲ, ಆದರೆ ಸುಳ್ಳು ಹೇಳುತ್ತಿರಲಿಲ್ಲ. ನಾನು ತೆಗೆದ ಸ್ಪಷ್ಟ ಚಿತ್ರ ಸುಳ್ಳು ಹೇಳುತ್ತಿತ್ತು.

ಕಾರಣ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಹಳೆಯ ನುಡಿ ಅಥವಾ ಬರಹ ಕಡತವೊಂದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸುತ್ತದೆ. ಏಕೆಂದರೆ ಆ ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವುದು ಫಾಂಟ್. ಗ್ರೀಕ್ ಚಿಹ್ನೆಗಳ ಹಳೆಯ ಫಾಂಟ್‌ಗಳೂ ಹಾಗೆಯೇ. ಅವುಗಳಲ್ಲಿ m ಕೂರುವ ಮನೆಯಲ್ಲಿ μ ಆಕಾರ ಕುಳಿತಿರುತ್ತದೆ. ನಮ್ಮ ಲೇಖನದಲ್ಲಿ ಅಂತಹ ಫಾಂಟಿನ ತುಣುಕೊಂದು ಪಿಡಿಎಫ್‌ನೊಳಗೇ ಇತ್ತು, ಹಾಗಾಗಿ ಓದುವಾಗ μ ಸರಿಯಾಗಿಯೇ ಕಾಣುತ್ತಿತ್ತು. ಇಂಕ್‌ಸ್ಕೇಪ್ ಬರಹವನ್ನು ಬರಹವಾಗಿ ತೆಗೆದುಕೊಂಡಾಗ ಸಂಕೇತ ಮಾತ್ರ ಬಂತು, ಆಕಾರ ಹಿಂದೆಯೇ ಉಳಿಯಿತು. ಸಾಮಾನ್ಯ ಫಾಂಟಿನಲ್ಲಿ ಅದೇ ಸಂಕೇತ m ಆಯಿತು.

ಇದನ್ನು ಮೊದಲೇ ಪತ್ತೆಹಚ್ಚಲು ಒಂದು ಸುಲಭ ಉಪಾಯವಿದೆ, ಅಂದಿನಿಂದ ನಾನು ತಪ್ಪದೆ ಮಾಡುತ್ತಿದ್ದೇನೆ. ಪಿಡಿಎಫ್ ಓದುವ ತಂತ್ರಾಂಶದಲ್ಲಿ ಆ ಬರಹವನ್ನು ಆಯ್ದು, ನಕಲಿಸಿ, ಖಾಲಿ ಪಠ್ಯ ಕಡತದಲ್ಲಿ ಅಂಟಿಸಬೇಕು. ಕಣ್ಣಿಗೆ `10 μm` ಕಾಣುತ್ತಿದ್ದು ಅಂಟಿಸಿದಾಗ `10 mm` ಬಂದರೆ ಆ ಕಡತದ ಬರಹವನ್ನು ಬರಹವಾಗಿ ಹೊರತೆಗೆಯಬಾರದು. `pdffonts lekhana.pdf` ಎಂಬ ಆಜ್ಞೆಯೂ ಸುಳಿವು ಕೊಡುತ್ತದೆ. ಅದರ ಪಟ್ಟಿಯಲ್ಲಿ ನಮ್ಮ ಚಿಹ್ನೆಯ ಫಾಂಟಿನ ಎದುರು `emb` ಕಾಲಂನಲ್ಲಿ `yes`, `uni` ಕಾಲಂನಲ್ಲಿ `no` ಇತ್ತು: ಆಕಾರ ಒಳಗಿದೆ, ಆದರೆ ಅದು ಯಾವ ಅಕ್ಷರ ಎಂಬ ನಕ್ಷೆ ಇಲ್ಲ.

ಕೊನೆಗೆ ಮಾಡಿದ್ದು

ಹಾಗಾದರೆ ಬೇಕಾಗಿದ್ದದ್ದು ಫೋಟೊ, ಗೆರೆ, ಅಕ್ಷರ ಮೂರನ್ನೂ ಬೇರ್ಪಡಿಸದೆ, ಲೇಖಕರು ಜೋಡಿಸಿದ ಹಾಗೆಯೇ, ಪಿಡಿಎಫ್‌ನ ಸ್ವಂತ ಫಾಂಟ್‌ಗಳಿಂದಲೇ ದೊಡ್ಡದಾಗಿ ಬಿಡಿಸುವ ದಾರಿ. ಸ್ಕ್ರೀನ್‌ಶಾಟ್ ಮಾಡುವುದೂ ಇದನ್ನೇ, ಆದರೆ ಪರದೆಯ ಅಳತೆಗೆ. ಪರದೆಯನ್ನು ಬಿಟ್ಟು ನೇರವಾಗಿ ಕಡತಕ್ಕೆ ಬಿಡಿಸಿದರೆ ಅಳತೆಯನ್ನು ನಾವು ಆರಿಸಬಹುದು.

ಇಂಚಿಗೆ 600 ಪಿಕ್ಸೆಲ್ ಎಂದು ಆರಿಸಿದೆವು. ನಮ್ಮ ಲೇಸರ್ ಪ್ರಿಂಟರಿನ ಮಟ್ಟವೂ 600. ಜೊತೆಗೆ ಅದು ಫೋಟೊದ 300ರ ಸರಿಯಾಗಿ ಎರಡು ಪಟ್ಟು. ಫೋಟೊಗಳಿಗೆ ಇದರಿಂದ ಹೊಸ ವಿವರವೇನೂ ಸೇರುವುದಿಲ್ಲ, ಆದರೆ ಕಳೆದುಹೋಗುವುದೂ ಇಲ್ಲ. ಅಕ್ಷರಗಳಿಗೆ ಲಾಭ ದೊಡ್ಡದು: ಆರೇಳು ಪಿಕ್ಸೆಲ್ ಇದ್ದ e ಈಗ ಮೂವತ್ತರ ಆಸುಪಾಸಿಗೆ ಬರುತ್ತದೆ. 1200 ಹಾಕೋಣವೇ ಎಂದು ಹುಡುಗ ಕೇಳಿದ. ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗುತ್ತವೆ, ಈ ಪ್ರಿಂಟರಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಚಿತ್ರ ಪುಟದಲ್ಲಿ ಎಲ್ಲಿದೆ ಎಂದು ತಿಳಿಯಲು ಮುದ್ರಣದವರ ಹಳೆಯ ಅಭ್ಯಾಸವನ್ನೇ ಅನುಸರಿಸಿದೆ. ಆ ಒಂದು ಪುಟವನ್ನು ಕುಗ್ಗಿಸದೆ ನಿಜ ಅಳತೆಯಲ್ಲಿ ಎ4 ಹಾಳೆಯ ಮೇಲೆ ಮುದ್ರಿಸಿ ಸ್ಕೇಲಿನಿಂದ ಅಳೆದೆ. ಎಡ ಅಂಚಿನಿಂದ 20, ಮೇಲಿನ ಅಂಚಿನಿಂದ 25 ಮಿಲಿಮೀಟರ್. ಒಂದು ಇಂಚು 25.4 ಮಿಲಿಮೀಟರ್ ಆದ್ದರಿಂದ 600ರ ಮಟ್ಟದಲ್ಲಿ ಒಂದು ಮಿಲಿಮೀಟರಿಗೆ 23.62 ಪಿಕ್ಸೆಲ್. ಪ್ರತಿ ಅಳತೆಯನ್ನೂ ಅದರಿಂದ ಗುಣಿಸಿದಾಗ ಆಜ್ಞೆ ಹೀಗಾಯಿತು.

```
pdftoppm -r 600 -f 7 -l 7 -x 472 -y 591 \
  -W 4016 -H 2835 -png lekhana.pdf chitra
```

`-x`, `-y` ಎಂದರೆ ಕತ್ತರಿಸುವ ಚೌಕದ ಮೇಲಿನ ಎಡ ಮೂಲೆ. `-W`, `-H` ಎಂದರೆ ಅಗಲ ಮತ್ತು ಎತ್ತರ. ನಾಲ್ಕೂ ಪಿಕ್ಸೆಲ್‌ಗಳಲ್ಲಿಯೇ ಇರಬೇಕು, ಹಾಗಾಗಿ `-r` ಬದಲಿಸಿದರೆ ಇವೂ ಬದಲಾಗಬೇಕು. ಈ ಗುಣಾಕಾರದ ರಗಳೆ ಬೇಡ ಎನ್ನುವವರು ಚೌಕದ ನಾಲ್ಕು ಸಂಖ್ಯೆಗಳನ್ನು ಬಿಟ್ಟು ಇಡೀ ಪುಟವನ್ನು ತೆಗೆದು, ಜಿಂಪ್‌ನಲ್ಲಿ ಕೈಯಿಂದ ಕತ್ತರಿಸಿಕೊಳ್ಳಬಹುದು. ಫಲಿತಾಂಶ ಒಂದೇ.

`chitra-07.png` ಎಂಬ ಕಡತ ಬಂತು, 4016 × 2835 ಪಿಕ್ಸೆಲ್. ತೆರೆದ ಕೂಡಲೇ ಮೊದಲು ನೋಡಿದ್ದು μ. ಅದರ ಎಡಗಾಲು ಗೆರೆಯಿಂದ ಕೆಳಗಿಳಿದು ಸ್ಪಷ್ಟವಾಗಿ ನಿಂತಿತ್ತು. ಆಮೇಲೆ ಋಣ ಚಿಹ್ನೆಗಳು, ಮೇಲೆ ಕೆಳಗೆ ಇರುವ ಸಣ್ಣ ಅಂಕಿಗಳು, ಚುಕ್ಕೆಗೆರೆಗಳು. ಮೂಲ ಪುಟಕ್ಕೂ ಇದಕ್ಕೂ ಎಲ್ಲಿಯೂ ವ್ಯತ್ಯಾಸವಿರಲಿಲ್ಲ. ಪಿಎನ್‌ಜಿ ಆರಿಸಿದ್ದು ಏಕೆಂದರೆ ಅದು ಪಿಕ್ಸೆಲ್‌ಗಳನ್ನು ಇದ್ದ ಹಾಗೆ ಉಳಿಸುತ್ತದೆ. ಜೆಪೆಗ್ ಆಗಿದ್ದರೆ ಅಕ್ಷರಗಳ ಸುತ್ತ ಮತ್ತೆ ಅದೇ ಬೂದು ಕಲೆಗಳು.

ವೆಕ್ಟರ್ ರೂಪದಲ್ಲಿಯೇ ಇಟ್ಟುಕೊಳ್ಳುವ ದಾರಿಯೂ ಇತ್ತು. `pdftocairo -svg` ಅಕ್ಷರಗಳನ್ನು ಬರಹವಾಗಿ ಇಡದೆ ಆಕಾರಗಳಾಗಿ ಬಿಡಿಸುತ್ತದೆ, ಹಾಗಾಗಿ μ ಸುರಕ್ಷಿತ. ಚಿತ್ರದಲ್ಲಿ ಫೋಟೊಗಳಿಲ್ಲದೆ ರೇಖೆಗಳು ಮಾತ್ರ ಇದ್ದಿದ್ದರೆ ಅದನ್ನೇ ಮಾಡುತ್ತಿದ್ದೆ. ಇಲ್ಲಿ ಪ್ರಬಂಧದ ಕಡತ ಮಾರ್ಗದರ್ಶಕರ ಹಳೆಯ ಕಂಪ್ಯೂಟರಿಗೂ ಹೋಗಬೇಕಿತ್ತು. ಎಲ್ಲ ಕಡೆ ಒಂದೇ ರೀತಿ ತೆರೆಯುವುದು ಮುಖ್ಯವಾಗಿತ್ತು.

ಗೆದ್ದ ಮೇಲೆ ಮತ್ತೆ ಸೋತದ್ದು

ಶನಿವಾರ ಮಧ್ಯಾಹ್ನ ಸಂಶೋಧಕಿ ಹೊಸ ಚಿತ್ರವನ್ನು ತಮ್ಮ ಪ್ರಬಂಧದಲ್ಲಿ ಸೇರಿಸಿ ಪಿಡಿಎಫ್ ಮಾಡಿ ತಂದರು. ಅವರು ಬರೆಯುತ್ತಿದ್ದದ್ದು ಲಿಬ್ರೆ ಆಫೀಸ್‌ನಲ್ಲಿ. ಮುದ್ರಿಸಿದಾಗ ಅಕ್ಷರ ಓದಲಾಗುತ್ತಿತ್ತು, ಆದರೆ ಹಿಂದಿನ ದಿನ ನೋಡಿದ ಹೊಳಪು ಇರಲಿಲ್ಲ. ಗೆರೆಗಳ ಬದಿಯಲ್ಲಿ ಸಣ್ಣಗೆ ಕೊಳೆ. ಕಣ್ಣಿನ ಭ್ರಮೆ ಇರಬಹುದು ಎಂದು ಹುಡುಗ ಹೇಳಿದ. ಭ್ರಮೆಯೋ ನಿಜವೋ ಎಂದು ವಾದಿಸುವ ಅಗತ್ಯವಿರಲಿಲ್ಲ. ಲೇಖನವನ್ನು ಪರೀಕ್ಷಿಸಿದ ಆಜ್ಞೆಯನ್ನೇ ಈಗ ಪ್ರಬಂಧದ ಪಿಡಿಎಫ್ ಮೇಲೆ ಓಡಿಸಿದೆ. `pdfimages -list` ತೋರಿಸಿದ ಅಗಲ 4016 ಅಲ್ಲ, 1772. `x-ppi` 300. `enc` ಕಾಲಂನಲ್ಲಿ `jpeg`.

ಲಿಬ್ರೆ ಆಫೀಸ್‌ನ `Export as PDF` ಪೆಟ್ಟಿಗೆಯಲ್ಲಿ ಚಿತ್ರಗಳನ್ನು ಜೆಪೆಗ್ ಮಾಡುವ ಆಯ್ಕೆಯೂ `Reduce image resolution` ಎಂಬುದರ ಎದುರು 300 ಡಿಪಿಐಯೂ ಮೊದಲೇ ಗುರುತು ಹಾಕಿಕೊಂಡಿರುತ್ತವೆ. ಫೋಟೊಗಳಿಗೆ ಅದು ಸಾಕು, ಅಕ್ಷರ ಮತ್ತು ತೆಳು ಗೆರೆಗಳಿಗೆ ಸಾಲದು. `Lossless compression` ಆರಿಸಿ, ಕುಗ್ಗಿಸುವ ಗುರುತನ್ನು ತೆಗೆದು ಮತ್ತೆ ಪಿಡಿಎಫ್ ಮಾಡಿದೆವು. ಈ ಬಾರಿ ಅಗಲ 4016, `x-ppi` 680. ಚಿತ್ರವನ್ನು 170ರಿಂದ 150 ಮಿಲಿಮೀಟರಿಗೆ ಕುಗ್ಗಿಸಿ ಇಟ್ಟಿದ್ದರಿಂದ 600 ಎಂಬುದು 680 ಆಗಿತ್ತು. ವರ್ಡ್ ಬಳಸುವವರಿಗೂ ಇದೇ ತೊಡಕು ಬೇರೆ ರೂಪದಲ್ಲಿದೆ. ಅಲ್ಲಿ `Options` ಒಳಗೆ `Advanced` ಭಾಗದಲ್ಲಿ `Do not compress images in file` ಎಂಬ ಗುರುತನ್ನು ಚಿತ್ರ ಸೇರಿಸುವ ಮೊದಲೇ ಹಾಕಿಕೊಳ್ಳಬೇಕು. ಒಮ್ಮೆ ಕುಗ್ಗಿಸಿ ಉಳಿಸಿದ ಚಿತ್ರವನ್ನು ಅಳಿಸಿ ಮತ್ತೆ ಸೇರಿಸುವುದೊಂದೇ ದಾರಿ.

ಇದೇ ಜಾತಿಯ ಇನ್ನೊಂದು ಸೋರಿಕೆಯನ್ನು ಅದೃಷ್ಟವಶಾತ್ ತಡೆದೆವು. ಮಾರ್ಗದರ್ಶಕರಿಗೆ ತೋರಿಸಲು ಸಂಶೋಧಕಿ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಲು ಹೊರಟಿದ್ದರು. ಹಾಗೆ ಕಳುಹಿಸಿದ ಚಿತ್ರ ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದ ಹಾಗೆ ತಲುಪುತ್ತದೆ.

ಉಳಿದ ಚಿತ್ರಗಳು

ಭಾನುವಾರ ಸಂಶೋಧಕಿ ಪ್ರಬಂಧದಲ್ಲಿದ್ದ ಇನ್ನೂ ಒಂಬತ್ತು ಚಿತ್ರಗಳ ಮೂಲ ಲೇಖನಗಳನ್ನು ಪೆನ್‌ಡ್ರೈವಿನಲ್ಲಿ ತಂದರು. ಈಗ ನಾವು ಕೆಲಸದ ಕ್ರಮವನ್ನೇ ಬದಲಿಸಿದ್ದೆವು. ಮೊದಲು 1600 ಶೇಕಡಾಕ್ಕೆ ಹಿಗ್ಗಿಸಿ ನೋಡುವುದು, ಪಿಕ್ಸೆಲ್ ಚಿತ್ರವಾದರೆ `pdfimages -list`, ಆಮೇಲೆ 600ಕ್ಕೆ ಬಿಡಿಸುವುದು, ಕೊನೆಗೆ ಮಾನಗಳನ್ನು ಮೂಲದೊಂದಿಗೆ ಹೋಲಿಸುವುದು. ಆರು ಚಿತ್ರಗಳು ಅರ್ಧ ಗಂಟೆಯೊಳಗೆ ಸರಿಹೋದವು.

ಮೂರು ಸರಿಹೋಗಲಿಲ್ಲ. ಅವುಗಳಲ್ಲಿ ಎರಡು ಒಂದೇ ಲೇಖನದವು. ಅಲ್ಲಿ ರೇಖಾಚಿತ್ರಗಳೂ ಅಕ್ಷರಗಳೂ ಸೇರಿ ಇಡೀ ಚಿತ್ರವೇ ಇಂಚಿಗೆ 96 ಪಿಕ್ಸೆಲ್‌ನ ಜೆಪೆಗ್ ಆಗಿ ಕುಳಿತಿತ್ತು. ಲೇಖಕರೇ ಸ್ಕ್ರೀನ್‌ಶಾಟ್ ಹಾಕಿದ್ದರೋ, ಅಚ್ಚಿನ ಮುನ್ನ ಯಾರೋ ಕುಗ್ಗಿಸಿದ್ದರೋ, ಪಿಡಿಎಫ್‌ನಲ್ಲಿ ಅದಕ್ಕಿಂತ ಹೆಚ್ಚಿನದು ಇರಲಿಲ್ಲ. 600ಕ್ಕೆ ಬಿಡಿಸಿದಾಗ ದೊಡ್ಡ ಮಸುಕು ಬಂತು, ಅಷ್ಟೇ. ಮೂರನೆಯದು ಹಳೆಯ ಮುದ್ರಿತ ಸಂಚಿಕೆಯನ್ನು ಸ್ಕ್ಯಾನ್ ಮಾಡಿದ್ದು. ಅಲ್ಲಿ ಇಡೀ ಪುಟವೇ ಒಂದು ಫೋಟೊ.

ಆ ಎರಡು ರೇಖಾಚಿತ್ರಗಳಿಗೆ ಸಂಶೋಧಕಿ ಬೇರೆ ನಿರ್ಧಾರ ಮಾಡಿದರು. ಲೇಖನದ ಜೊತೆಗೇ ಪ್ರಕಟವಾಗಿದ್ದ ಕೋಷ್ಟಕದಲ್ಲಿ ಅಂಕಿಗಳಿದ್ದವು. ಅವುಗಳಿಂದ ಹೊಸದಾಗಿ ರೇಖಾಚಿತ್ರ ಬಿಡಿಸಿ, ಇಂತಹ ಲೇಖನದ ಕೋಷ್ಟಕದ ಆಧಾರದಲ್ಲಿ ಮರುರಚಿಸಿದ್ದು ಎಂದು ಅಡಿಬರಹ ಬರೆದರು. ಸ್ಕ್ಯಾನ್ ಪುಟದ ಚಿತ್ರವನ್ನು ಕೈಬಿಟ್ಟು, ಅದರಲ್ಲಿದ್ದುದನ್ನು ಎರಡು ವಾಕ್ಯಗಳಲ್ಲಿ ವಿವರಿಸಿದರು.

ರಾತ್ರಿ ಎಂಟರ ಹೊತ್ತಿಗೆ ಮುದ್ರಣ ಮುಗಿಯಿತು. ಬೈಂಡಿಂಗಿಗೆ ಕೊಡುವ ಮೊದಲು ಸಂಶೋಧಕಿ ಎರಡನೆಯ ಅಧ್ಯಾಯದ ಆ ಪುಟವನ್ನು ಐದೂ ಪ್ರತಿಗಳಲ್ಲಿ ಬಿಡಿಸಿ, ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ತೆಗೆದುಕೊಂಡು, ಫೋಟೊದ ಮೂಲೆಯಲ್ಲಿ ಒಂದು ಸಲ, ಕ್ಲೋರೊಫಿಲ್ ಅಂಚಿನಲ್ಲಿ ಒಂದು ಸಲ, μ ಅಕ್ಷರದ ಕೆಳಗಿಳಿದ ಕಾಲನ್ನು ನೋಡಿಕೊಂಡರು.